ಸಂಪಾದಕರ ಉತ್ತರ: ಪದದ ದರ, ಪುಸ್ತಕದ ಕರಾರು

"ಬ್ಯಾಂಕಿನ ಕೆಲಸ ಬಿಟ್ಟು ಅನುವಾದಕ್ಕೆ ಇಳಿದಿದ್ದೇನೆ. ಏಜೆನ್ಸಿಯೊಂದು ಪದಕ್ಕೆ ಒಂದು ರೂಪಾಯಿ ಕೊಡುವುದಾಗಿ ಹೇಳಿದೆ. ಇಷ್ಟದ ಇಂಗ್ಲಿಷ್ ಕಾದಂಬರಿಯೊಂದರ ನಲವತ್ತು ಪುಟ ಅನುವಾದಿಸಿ ಕಳುಹಿಸಿದರೆ ಪ್ರಕಾಶಕರಿಂದ ಉತ್ತರವೇ ಇಲ್ಲ. ತಿಂಗಳು ತಿಂಗಳು ಕೆಲಸ ಸಿಗಲು ಏನು ಮಾಡಲಿ?"
– ಓದುಗರೊಬ್ಬರು, ಶಿವಮೊಗ್ಗ

ಮಾನ್ಯರೇ,

ಏಜೆನ್ಸಿಯ ಕೆಲಸವನ್ನು ಒಪ್ಪಿಕೊಳ್ಳಿ, ಆದರೆ ಆ ಒಂದು ರೂಪಾಯಿ ಮೂಲದ ಪದಕ್ಕೋ ಅನುವಾದದ ಪದಕ್ಕೋ ಎಂಬುದನ್ನು ಮೊದಲು ಇಮೇಲ್‌ನಲ್ಲಿ ಕೇಳಿ ತಿಳಿದುಕೊಳ್ಳಿ. 'ಹಿ ಡಿಡ್ ನಾಟ್ ಕಮ್ ಟು ದ ಹೌಸ್ ಬಿಕಾಸ್ ಆಫ್ ದ ರೇನ್' ಎಂಬಲ್ಲಿ 11 ಪದಗಳಿವೆ. 'ಮಳೆಯಿಂದಾಗಿ ಅವನು ಮನೆಗೆ ಬರಲಿಲ್ಲ' ಎಂಬಲ್ಲಿ ನಾಲ್ಕೇ. ಎಲ್ಲ ವಾಕ್ಯಗಳೂ ಇಷ್ಟು ಕುಗ್ಗುವುದಿಲ್ಲವಾದರೂ, ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಪದಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. 6,000 ಪದಗಳ ವಿಮಾ ಕೈಪಿಡಿ ಕನ್ನಡದಲ್ಲಿ 4,200 ಪದಗಳಾಯಿತೆನ್ನಿ: ಅದೇ ದುಡಿಮೆಗೆ 1,800 ರೂಪಾಯಿ ಕಡಿಮೆ ಬಂದಂತಾಯಿತು. ಹಿಂದಿನ ಕಡತಗಳಲ್ಲಿ ಬಂದ ವಾಕ್ಯಗಳೇ ಮರಳಿ ಬಂದರೆ ಅವುಗಳಿಗೆ ದರ ಕಡಿತಗೊಳಿಸುವ ರೂಢಿಯೂ ಹಲವು ಏಜೆನ್ಸಿಗಳಲ್ಲಿದೆ. ಅದು ಎಷ್ಟೆಂಬುದನ್ನೂ, ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಬರುತ್ತದೆಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಹೀಗೆ ಕೇಳಿದ್ದಕ್ಕೆ ಮುನಿಸಿಕೊಳ್ಳುವ ಏಜೆನ್ಸಿ ಮುಂದೆ ಹಣಕ್ಕೂ ಸತಾಯಿಸೀತು. ತಿಂಗಳ ಕೆಲಸ ಬರುವುದು ಏಜೆನ್ಸಿಯ ಹೆಸರಿನಿಂದಲ್ಲ, ಅಲ್ಲಿ ಕಡತ ಹಂಚುವ ವ್ಯವಸ್ಥಾಪಕರಿಂದ; ಹೇಳಿದ ವೇಳೆಗೆ ಕೊಡುವವರನ್ನು, ಪರಿಷ್ಕರಣೆ ಬಂದಾಗ ಜಗಳವಾಡದವರನ್ನು ಅವರು ಮತ್ತೆ ಮತ್ತೆ ಕರೆಯುತ್ತಾರೆ.

ಕಾದಂಬರಿಯ ಸಂಗತಿ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಅನುವಾದದ ಹಕ್ಕು ಲೇಖಕರದು, ಅವರು ತೀರಿಕೊಂಡ ಮೇಲೆ 60 ವರ್ಷ ವಾರಸುದಾರರದು. ಆ ಹಕ್ಕು ಯಾರ ಬಳಿಯಿದೆ, ಅನುಮತಿ ಸಿಕ್ಕೀತೇ ಎಂಬ ಮಾತೇ ಇಲ್ಲದೆ ನಲವತ್ತು ಪುಟಗಳು ಬಂದರೆ ಪ್ರಕಾಶಕರು ಪಕ್ಕಕ್ಕಿಡುವುದರಲ್ಲಿ ಆಶ್ಚರ್ಯವಿಲ್ಲ. ಮೂಲ ಪ್ರಕಾಶಕರ ಹಕ್ಕುಗಳ ವಿಭಾಗಕ್ಕೆ ಬರೆದು, ಕನ್ನಡದ ಹಕ್ಕು ಖಾಲಿಯಿದೆ ಎಂಬ ಉತ್ತರವನ್ನು ಮೊದಲು ತರಿಸಿಕೊಳ್ಳಿ. ಅದರೊಂದಿಗೆ ಒಂದು ಅಧ್ಯಾಯ, ಅದರ ಇಂಗ್ಲಿಷ್ ಮೂಲ, ಪುಸ್ತಕದ ಒಂದು ಪುಟದ ಪರಿಚಯ, ಇಷ್ಟಿದ್ದರೆ ಸಾಕು. ಮೂಲ ಲೇಖಕರಿಗೆ ಸಲ್ಲುವ ಮುಂಗಡವನ್ನು ಭರಿಸುವವರು ಕನ್ನಡದ ಪ್ರಕಾಶಕರೇ ಆಗಿರಬೇಕು, ನೀವಲ್ಲ.

ಅವರು ಒಪ್ಪಿದರೆ ಕರಾರನ್ನು ಬರಹದಲ್ಲಿಯೇ ಪಡೆಯಿರಿ. ನಿಮ್ಮ ಅನುವಾದಕ್ಕೆ ನಿಮ್ಮದೇ ಹಕ್ಕುಸ್ವಾಮ್ಯವಿದೆ. ಅದನ್ನು ವಹಿಸಿಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದೇ ಪರಿಗಣಿಸುತ್ತದೆ. ಆದ್ದರಿಂದ 'ಶಾಶ್ವತವಾಗಿ' ಎಂಬ ಪದ ಕಂಡರೆ ಸಹಿಗೆ ಮುನ್ನ ಚರ್ಚಿಸಿ. ಒಂದೇ ಗಂಟಿನ ಗೌರವಧನವಾದರೆ, ಮರುಮುದ್ರಣ ಮತ್ತು ಆಡಿಯೊ ಪುಸ್ತಕಕ್ಕೆ ಪ್ರತ್ಯೇಕ ಮೊತ್ತವೆಂಬ ಸಾಲನ್ನು ಸೇರಿಸಲು ಕೇಳಿ. ನಮ್ಮಲ್ಲಿ ಅನೇಕರು ಸಂಕೋಚದಿಂದ ಈ ಸಾಲನ್ನು ಕೇಳುವುದೇ ಇಲ್ಲ.

ಹಕ್ಕುಗಳ ವಿಭಾಗದ ಉತ್ತರ ಬರುವವರೆಗೆ ನಲವತ್ತೊಂದನೆಯ ಪುಟಕ್ಕೆ ಕೈಹಾಕಬೇಡಿ.

– ಸಂಪಾದಕ