ಅಪ್ಪನ ಹೊಡೆತ, ಅಜ್ಜಿಯ ಗುಟ್ಟಿನ ಐವತ್ತು ರೂಪಾಯಿ: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಒಪ್ಪಿಗೆಯಿಂದ ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರ ಮನೆ. ಅಪ್ಪನಿಗೆ ಎರಡು ಪಾವರ್‌ಲೂಮ್. ಅವ್ವ ಮನೆಗೆಲಸದ ನಡುವೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ. ಅಪ್ಪನ ತಾಯಿಯೂ ಜೊತೆಗಿದ್ದಾರೆ. ಒಬ್ಬನೇ ಮಗ, 14 ವರ್ಷ, ಒಂಬತ್ತನೇ ತರಗತಿ. ಎರಡು ತಿಂಗಳಲ್ಲಿ 11 ದಿನ ಶಾಲೆ ತಪ್ಪಿಸಿದ್ದ. ಕ್ಲಾಸ್ ಟೀಚರ್ ಫೋನ್ ಮಾಡಿದಾಗಲೇ ಮನೆಗೆ ಗೊತ್ತಾದದ್ದು. ಚೀಲ ತಡಕಿದಾಗ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ಸಿಕ್ಕಿತು: ಪುಟದ ತುಂಬ ಅಪ್ಪನ ಸಹಿ, ಸಾಲಾಗಿ ಬರೆದು ಬರೆದು ಕಲಿತದ್ದು. ಮೇಲಿನ ಸಾಲುಗಳಲ್ಲಿ ಕೈ ನಡುಗಿದೆ, ಕೆಳಗೆ ಬರುವಷ್ಟರಲ್ಲಿ ಅಪ್ಪನೇ ಹಾಕಿದಂತಿದೆ. ಅಪ್ಪ ಕಪಾಳಕ್ಕೆ ಹೊಡೆದರು, ಆಮೇಲೆ ಎಂಟು ದಿನ ಮಗನ ಜೊತೆ ಮಾತು ಬಿಟ್ಟರು. ಒಂಬತ್ತನೇ ದಿನ ಎಲ್ಲರೂ ಸಲಹೆಗೆ ಬಂದರು.

ಅಪ್ಪನ ಮೊದಲ ಮಾತು: "ನಾ ಅಂಜಿಸ್ಲಿಲ್ಲಂದ್ರ ಇಂವ ಹಾದಿ ಬಿಡ್ತಾನ್ರಿ. ಮನ್ಯಾಗ ಹೆಂಗಸ್ರು ಸಡ್ಲ ಬಿಟ್ಟಾರ." ಅಜ್ಜಿಯ ಮಾತು: "ಅಂವ ಒಂದs ಸಮನ ಬೈತಾನ್ರಿ, ಹುಡುಗ ಸೊರಗ್ಯಾನ. ನಾವರ ಬೆನ್ನ ಮ್ಯಾಲೆ ಕೈ ಆಡಸಬ್ಯಾಡೇನು?"

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಂಥ ಮನೆಗಳಲ್ಲಿ ಒಂದು ಲೆಕ್ಕ ಮೇಲಿಂದ ಮೇಲೆ ತಪ್ಪುತ್ತದೆ. ಅಪ್ಪ ಬಿಗಿ, ಅಜ್ಜಿ ಸಡಿಲ, ಎರಡೂ ಕೂಡಿ ಮಗುವಿಗೆ ಹದ ಸಿಗುತ್ತದೆ ಎಂದು ಹಿರಿಯರು ಭಾವಿಸುತ್ತಾರೆ. ಹಾಗೆ ಆಗುವುದಿಲ್ಲ. ಹುಡುಗನಿಗೆ ಸಿಗುವುದು ಎರಡರ ಸರಾಸರಿಯಲ್ಲ, ಎರಡು ಬೇರೆ ಬೇರೆ ಮನೆ. ಒಂದರಲ್ಲಿ ನಿಜ ಹೇಳಿದರೆ ಪೆಟ್ಟು, ಇನ್ನೊಂದರಲ್ಲಿ ಗುಟ್ಟು ಕಾಪಾಡಿದರೆ ಅಜ್ಜಿಯ ಕೈಯಿಂದ ಐವತ್ತು ರೂಪಾಯಿ. ಎರಡೂ ಕಡೆ ಮುಚ್ಚಿಡುವುದೇ ಲಾಭ.

ಪಾಲನೆಯ ರೀತಿಗಳ ಮಾತು ಶುರುವಾದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. 1960ರ ದಶಕದಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಮನೋವಿಜ್ಞಾನಿ ಇನ್ನೂ ಶಾಲೆ ಸೇರದ ಸಣ್ಣ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಹತ್ತಿರದಿಂದ ಗಮನಿಸಿ ಮೂರು ರೀತಿಗಳನ್ನು ಗುರುತಿಸಿದರು. ಹೇಳಿದ್ದು ಹೇಳಿದಷ್ಟೇ, ಕಾರಣ ಕೇಳಬಾರದು ಎನ್ನುವುದು ಅಥಾರಿಟೇರಿಯನ್, ದರ್ಪದ ರೀತಿ. ಪ್ರೀತಿ ಧಾರಾಳ, ಹಿಡಿತ ಕಡಿಮೆ ಎನ್ನುವುದು ಪರ್ಮಿಸಿವ್, ಸಡಿಲ ರೀತಿ. ಅಥಾರಿಟೇಟಿವ್ ಎಂಬುದನ್ನು ಜನ ಇವೆರಡರ ನಡುವಿನ ಮೆತ್ತನೆಯ ದಾರಿ ಎಂದು ತಿಳಿಯುತ್ತಾರೆ. ಅದು ತಪ್ಪು. ಅದರಲ್ಲಿ ಹಿಡಿತ ದರ್ಪದ ರೀತಿಯಷ್ಟೇ ಗಟ್ಟಿ. ವ್ಯತ್ಯಾಸವಿರುವುದು ಬೇರೆ ಕಡೆ: ನಿಯಮಕ್ಕೆ ಕಾರಣ ಹೇಳುತ್ತಾರೆ, ಮಗುವಿನ ಮಾತು ಕೇಳುತ್ತಾರೆ, ಕೇಳಿದ ಮೇಲೂ ಬೇಕಾದರೆ "ಇಲ್ಲ" ಅನ್ನುತ್ತಾರೆ.

ನಿಯಮಗಳು ಯಾವ ಜಾತಿಯವು ಎಂದು ತಿಳಿಯಲು ಹುಡುಗನನ್ನು ಒಬ್ಬನನ್ನೇ ಕೂರಿಸಿ ಒಂದು ಸರಳ ಪ್ರಶ್ನೆ ಕೇಳಬೇಕು. ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಯಾಕೆ ಬೇಡ ಅಂತಾರೆ? ಇವನ ಉತ್ತರ: "ಅಪ್ಪಗ ಸಿಟ್ಟ ಬರ್ತೈತ್ರಿ." ನಿಯಮದ ಕಾರಣ ಹುಡುಗನ ತಲೆಯಲ್ಲಿ ಅಪ್ಪನ ಸಿಟ್ಟು ಮಾತ್ರ ಆಗಿದ್ದರೆ, ಅಪ್ಪ ಮಗ್ಗದ ಮೇಲಿದ್ದಾಗ ಆ ನಿಯಮ ಇರುವುದೇ ಇಲ್ಲ.

ಶಾಲೆ ತಪ್ಪಿಸಿದ ಕಾರಣವೂ ಆ ಮಾತುಕತೆಯಲ್ಲೇ ಹೊರಬಂತು. ಏಳರವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮ. ಗಣಿತದ ಲೆಕ್ಕ ಬರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ಬೋರ್ಡಿಗೆ ಕರೆಯುವ ದಿನ ಯಾವುದೆಂದು ಗೊತ್ತು, ಆ ದಿನ ಹೋಗುವುದಿಲ್ಲ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಆರನೇ ತರಗತಿಯಲ್ಲಿ ನೂರು ರೂಪಾಯಿ ಕಳೆದದ್ದನ್ನು ತಾನೇ ಹೇಳಿದ್ದಕ್ಕೆ ಬಿದ್ದ ಪೆಟ್ಟು ಅವನಿಗೆ ನೆನಪಿದೆ.

ಅಪ್ಪ ದಿನಾ ಕೇಳುತ್ತಿದ್ದರು: ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಚೀಲ ತೋರಿಸು. ಅಷ್ಟು ಕೇಳಿದರೂ 11 ದಿನ ಗೊತ್ತಾಗಲಿಲ್ಲ. ಸ್ವೀಡನ್ನಿನಲ್ಲಿ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ರಲ್ಲಿ ಹದಿನಾಲ್ಕರ ಆಸುಪಾಸಿನ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ತಂದೆತಾಯಿಗೆ ಮಕ್ಕಳ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಮಕ್ಕಳು ತಾವಾಗಿ ಹೇಳಿದ್ದರಿಂದ ಬಂದದ್ದು. ವಿಚಾರಣೆಯಿಂದ, ಕಣ್ಗಾವಲಿನಿಂದ ಬಂದದ್ದು ಕಡಿಮೆ. ಆದ್ದರಿಂದ ಈ ಮನೆಯಲ್ಲಿ ಮೊದಲು ದುರಸ್ತಿಯಾಗಬೇಕಾದದ್ದು ಹೇಳುವ ದಾರಿ. ಮೊಬೈಲ್, ಮಾರ್ಕ್ಸ್ ಎರಡೂ ಅದರ ಹಿಂದೆ.

ಇಲ್ಲಿ ಅಪ್ಪ ತಡೆದರು. "ನಮ್ಮಪ್ಪ ನನ್ನ ಹೊಡ್ದ ಬೆಳಸ್ಯಾನ್ರಿ, ನಾ ಏನ ಕೆಟ್ಟೀನಿ? ಇದೆಲ್ಲ ಅಮೆರಿಕಾದವ್ರ ಮಾತು."

ಈ ಪ್ರಶ್ನೆಯನ್ನು ತಳ್ಳಿಹಾಕುವ ಸಲಹೆಗಾರರು ಅಪ್ಪನನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಅದಕ್ಕೆ ನೇರ ಉತ್ತರ ಕೊಡಬೇಕು. ಬಾಮ್‌ರಿಂಡ್ ನೋಡಿದ್ದು ಮುಖ್ಯವಾಗಿ ಅಮೆರಿಕದ ಬಿಳಿಯ ಮಧ್ಯಮವರ್ಗದ ಮನೆಗಳನ್ನು, ಅದು ನಿಜ. 1994ರಲ್ಲಿ ರೂತ್ ಚಾವ್ ಎಂಬ ಮನೋವಿಜ್ಞಾನಿ ಈ ಅಳತೆಗೋಲನ್ನೇ ಪ್ರಶ್ನಿಸಿದರು. ಚೀನೀ ತಾಯಂದಿರು ಪ್ರಶ್ನಾವಳಿಯಲ್ಲಿ ದರ್ಪದವರಂತೆ ಕಾಣುತ್ತಾರೆ, ಆದರೆ ಅವರ ಬಿಗಿಯ ಹಿಂದೆ 'ಗ್ವಾನ್' ಎಂಬ ಭಾವನೆ ಇದೆ ಎಂದರು. ಆ ಮಾತಿನಲ್ಲಿ ಆಳುವುದು, ಕಾಳಜಿ ಮಾಡುವುದು ಎರಡೂ ಸೇರಿವೆ. ನಮ್ಮ ಕಡೆ "ಮಗನ್ನ ಹದ್ದಬಸ್ತಿನ್ಯಾಗ ಇಡೂದು" ಎನ್ನುವಾಗಲೂ ಅಷ್ಟೇ, ಎಷ್ಟೋ ಸಲ ಅದರಲ್ಲಿ ಕಾಳಜಿಯೇ ಇರುತ್ತದೆ. ಬಿಗಿ ಎಂದರೆ ಪ್ರೀತಿಯಿಲ್ಲ ಎಂದು ಓದುವುದು ನಮ್ಮ ಮನೆಗಳಿಗೆ ಅನ್ಯಾಯ.

ಆದರೆ ಹೊಡೆತದ ಮಾತು ಬೇರೆ. ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಜೊತೆಗಾರರು 2005ರಲ್ಲಿ ಚೀನಾ, ಭಾರತ, ಇಟಲಿ, ಕೆನ್ಯಾ, ಫಿಲಿಪ್ಪೀನ್ಸ್, ಥೈಲ್ಯಾಂಡ್ ಈ ಆರು ದೇಶಗಳ 336 ತಾಯಿ-ಮಕ್ಕಳ ಜೋಡಿಗಳ ಅಧ್ಯಯನ ಪ್ರಕಟಿಸಿದರು. ಹೊಡೆಯುವುದು ಸಾಮಾನ್ಯ ಎಂದು ಎಲ್ಲರೂ ತಿಳಿದ ಕಡೆ ಅದಕ್ಕೂ ಮಕ್ಕಳ ತೊಂದರೆಗೂ ಇರುವ ನಂಟು ಸ್ವಲ್ಪ ಸಡಿಲವಾಗಿತ್ತು. ಅಪ್ಪನ ಮಾತಿಗೆ ಅಷ್ಟರ ಮಟ್ಟಿಗೆ ಆಧಾರವಿದೆ. ಆದರೂ ಅಂಥ ಕಡೆಗಳಲ್ಲೂ ಹೆಚ್ಚು ಪೆಟ್ಟು ತಿಂದ ಮಕ್ಕಳಲ್ಲಿ ಜಗಳಗಂಟತನ, ಆತಂಕ ಹೆಚ್ಚೇ ಇತ್ತು. ಊರ ರೂಢಿ ಪೆಟ್ಟಿನ ನೋವನ್ನು ಕಡಿಮೆ ಮಾಡೀತು, ಪೆಟ್ಟನ್ನು ಔಷಧ ಮಾಡಲಾರದು. 2018ರಲ್ಲಿ ಮಾರ್ಟಿನ್ ಪಿಂಕ್ವಾರ್ಟ್ ಮತ್ತು ರುಬೀನಾ ಕೌಸರ್ ಪಾಲನೆಯ ರೀತಿಗಳ ಬಗ್ಗೆ ಜಗತ್ತಿನ 428 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಪ್ರದೇಶಗಳ ನಡುವೆ ವ್ಯತ್ಯಾಸಕ್ಕಿಂತ ಹೋಲಿಕೆಯೇ ಹೆಚ್ಚು ಕಂಡಿತು.

ಒಂದು ಮಿತಿಯನ್ನೂ ಅಪ್ಪನಿಗೆ ಹೇಳಲಾಯಿತು. ಇವೆಲ್ಲ ನಂಟಿನ ಲೆಕ್ಕ, ಇದರಿಂದಲೇ ಅದಾಯಿತು ಎನ್ನುವ ಲೆಕ್ಕವಲ್ಲ, ಅದೂ ಸಣ್ಣ ನಂಟು. ಒಂದು ಮಗುವಿನ ಭವಿಷ್ಯವನ್ನು ಇದರಿಂದ ಹೇಳಲಾಗುವುದಿಲ್ಲ. ಅದಲ್ಲದೆ ಹಟಮಾರಿ ಮಗು ತಂದೆತಾಯಿಯನ್ನೇ ಬಿಗಿ ಮಾಡುತ್ತದೆ, ಗಾಳಿ ಎರಡೂ ಕಡೆಯಿಂದ ಬೀಸುತ್ತದೆ. ಅಪ್ಪ ಕೆಡಲಿಲ್ಲ ಎನ್ನುವುದು ಸುಳ್ಳಲ್ಲ. ಆದರೆ ತಮ್ಮ ಅಪ್ಪನಿಗೆ ತಾವು ಏನೇನು ಹೇಳದೆ ಉಳಿದಿರಿ ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಕೊಟ್ಟ ಸಲಹೆ ಹೀಗಿತ್ತು. ಮನೆಯ ಹದಿನೈದಿಪ್ಪತ್ತು ನಿಯಮಗಳನ್ನು ಬಿಟ್ಟು ಮೂರೇ ಇಟ್ಟುಕೊಳ್ಳುವುದು: ಶಾಲೆಗೆ ಹೋಗುವುದು, ರಾತ್ರಿ ಒಂಬತ್ತಕ್ಕೆ ಮೊಬೈಲ್ ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಡುವುದು, ಕೈಖರ್ಚಿನ ದುಡ್ಡು ಸೋಮವಾರ ಅವ್ವನ ಕೈಯಿಂದ ಮಾತ್ರ. ಪ್ರತಿಯೊಂದಕ್ಕೂ ಕಾರಣವನ್ನು ಹುಡುಗನ ಎದುರು ಹೇಳಿ, ಅವನ ತಕರಾರು ಕೇಳಿ, ಆಮೇಲೆ ಬರೆದು ಗೋಡೆಗೆ ಹಚ್ಚುವುದು. ಅವನು ಶನಿವಾರ ಹತ್ತರವರೆಗೆ ಬೇಕೆಂದ, ಅಪ್ಪ ಒಪ್ಪಿದರು. ನಿಯಮ ಮುರಿದರೆ ಮರುದಿನ ಮೊಬೈಲ್ ಇಲ್ಲ, ಒಂದೇ ದಿನ. ಅಪ್ಪನಿಗೆ ಒಂದು ತಿಂಗಳು ಬೇಕಿತ್ತು. ತಿಂಗಳ ಶಿಕ್ಷೆಯ ತೊಂದರೆ ಏನೆಂದರೆ, ಮೂರನೇ ದಿನಕ್ಕೆ ಅಜ್ಜಿಯ ಜೀವ ತಡೆಯುವುದಿಲ್ಲ, ನಾಲ್ಕನೇ ದಿನ ಗುಟ್ಟಾಗಿ ಮೊಬೈಲ್ ಕೈಗೆ ಬರುತ್ತದೆ. ಹಿರಿಯರೆಲ್ಲ ನಿಭಾಯಿಸಬಲ್ಲ ಸಣ್ಣ ಶಿಕ್ಷೆಯೇ ನಡೆಯುವ ಶಿಕ್ಷೆ.

ಎರಡನೆಯದು, ಸಿಕ್ಕಿಬೀಳುವ ಮೊದಲೇ ತಾನಾಗಿ ಹೇಳಿದರೆ ಮಾಡಿದ್ದಕ್ಕೆ ದಂಡ ಇರುತ್ತದೆ, ಹೇಳಿದ್ದಕ್ಕೆ ಇರುವುದಿಲ್ಲ. ಪೆಟ್ಟಿಲ್ಲ, ಮಾತು ಬಿಡುವುದಿಲ್ಲ, ಬೀಗರ ಮುಂದೆ ಆಡಿಕೊಳ್ಳುವುದಿಲ್ಲ. ಎಂಟು ದಿನದ ಮೌನ ಪೆಟ್ಟಿಗಿಂತ ಮೆತ್ತಗೆ ಎಂದು ಅಪ್ಪ ತಿಳಿದಿದ್ದರು. ಹುಡುಗ ಹೇಳಿದ್ದು ಬೇರೆ: "ಹೊಡದ್ರ ಅವತ್ತ ಮುಗಿತೈತ್ರಿ."

ಅಜ್ಜಿಯ ಅಕ್ಕರೆಗೆ ಕೈ ಹಚ್ಚಲಿಲ್ಲ. ಗುಟ್ಟನ್ನು ಮಾತ್ರ ತೆಗೆಯಲು ಹೇಳಲಾಯಿತು. ಮೊಮ್ಮಗ ದುಡ್ಡು ಕೇಳಿದರೆ ಅವರು ಹೇಳಬೇಕಾದ ಮಾತು: "ನಡಿ, ನಿಮ್ಮಪ್ಪನ್ನ ಕೇಳೂಣು, ನಾನೂ ಬರ್ತೀನಿ." ಮೊಮ್ಮಗನ ಪರ ವಕಾಲತ್ತು ಮಾಡಲಿ, ಎಲ್ಲರ ಎದುರು ಮಾಡಲಿ. ಇನ್ನು ಅಪ್ಪನಿಗೆ ದಿನಕ್ಕೆ ಹದಿನೈದು ನಿಮಿಷದ ಕೆಲಸ: ಮಗ್ಗ ನಿಂತ ಮೇಲೆ ಮಗನ ಜೊತೆ ಕೂತು ನಾಳೆಯ ಕಂಡಿಕೆ ಎಣಿಸಿಡುವುದು, ಆ ಹೊತ್ತಿನಲ್ಲಿ ಓದಿನ ಮಾತು ಎತ್ತದಿರುವುದು. ಶಾಲೆಗೆ ಅಪ್ಪನೇ ಹೋಗಿ ಗಣಿತದ ಶಿಕ್ಷಕರಿಗೆ ಮಾಧ್ಯಮದ ತೊಡಕು ತಿಳಿಸಿದರು. ಎಂಟನೇ ತರಗತಿಯ ಪದಗಳ ಕನ್ನಡ-ಇಂಗ್ಲಿಷ್ ಪಟ್ಟಿಯಿಂದ ಶುರುವಾಯಿತು.

ಇದೆಲ್ಲ ಹೇಳುವ ಮೊದಲು ಹುಡುಗನ ನಿದ್ದೆ, ಊಟ, ಸಾಯುವ ಯೋಚನೆ, ಮೈಮೇಲಿನ ಗಾಯ, ಹೊರಗಿನವರ ಕಾಟ ಎಲ್ಲವನ್ನೂ ಕೇಳಿ ನೋಡಲಾಗಿತ್ತು. ಇವುಗಳಲ್ಲಿ ಒಂದರಲ್ಲಿ ತೊಂದರೆ ಕಂಡರೂ ಗೋಡೆಯ ಮೇಲಿನ ನಿಯಮದಿಂದ ಉಪಯೋಗವಿಲ್ಲ. ಮಗುವಿನ ಸುರಕ್ಷತೆಯ ಪ್ರಶ್ನೆಗೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ತುರ್ತಿಗೆ ಟೆಲಿ-ಮಾನಸ್ ಸಹಾಯವಾಣಿ 14416.

ಕೆಟ್ಟದ್ದು ಎರಡನೇ ವಾರ. ಒಂಬತ್ತಕ್ಕೆ ಮೊಬೈಲ್ ಕೇಳಿದಾಗ ಹುಡುಗ ತಟ್ಟೆ ಎತ್ತಿ ಒಗೆದ, 40 ನಿಮಿಷ ಕೂಗಾಡಿದ. ಅಜ್ಜಿ ಮೊಬೈಲ್ ತಂದುಕೊಟ್ಟರು. ಅಪ್ಪ ಫೋನ್ ಮಾಡಿ, "ನೋಡ್ರಿ, ಹೆಚ್ಚಾತು" ಅಂದರು. ಹೆಚ್ಚಾಗುವುದು ನಿರೀಕ್ಷಿತವೇ. ಇಷ್ಟು ದಿನ ಕೂಗಿಗೆ ಮೊಬೈಲ್ ಸಿಗುತ್ತಿತ್ತು, ಸಿಗದಾದಾಗ ಕೂಗು ಮೊದಲು ಜೋರಾಗುತ್ತದೆ. ಆ ಹೊತ್ತಿನಲ್ಲಿ ಕೊಟ್ಟರೆ ಇನ್ನು ಮುಂದೆ ಅಷ್ಟು ಜೋರೇ ಬೇಕು ಎಂದು ಹುಡುಗ ಕಲಿಯುತ್ತಾನೆ. ಸಲಹೆ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಕೂಗಾಟ ನಿಂತಿತೇ ಎಂದು ನೋಡಬಾರದು, ಎಷ್ಟು ನಿಮಿಷ ಎಂದು ಬರೆದಿಡಬೇಕು. ಅವ್ವ ಕ್ಯಾಲೆಂಡರಿನ ಮೇಲೆ ಬರೆದರು. ಮುಂದಿನ ಸಲಗಳಲ್ಲಿ 25 ನಿಮಿಷ, 30, ಆಮೇಲೆ 10. ಒಂದು ಸಲ ಮೇಲೇರಿದ್ದು ಸೋಲಲ್ಲ. ಮೂರು ಸಲ ಸತತವಾಗಿ ಏರಿದರೆ ಮನೆಯಲ್ಲಿ ಯಾರೋ ಒಬ್ಬರು ಕೊಡುತ್ತಿದ್ದಾರೆ ಎಂದೇ ಅರ್ಥ.

ಆರನೇ ವಾರ ಹುಡುಗ ತಾನಾಗಿ ಬಂದು ಗಣಿತದ ಟೆಸ್ಟಿನಲ್ಲಿ 25ಕ್ಕೆ 9 ಬಂದದ್ದು ಹೇಳಿದ. ಅಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಐದು ನಿಮಿಷ ಕೂತು ಒಳಗೆ ಬಂದರು. "ಹೇಳಿದ್ದು ಛಲೋ ಆತು. ಯಾವ ಲೆಕ್ಕ ತಪ್ಯಾವ ತೋರ್ಸು" ಅಂದರು.

ಹತ್ತನೇ ವಾರದ ಭೇಟಿಯ ಹೊತ್ತಿಗೆ ಶಾಲೆ ತಪ್ಪಿದ್ದು ಒಂದು ದಿನ, ಅದೂ ಜ್ವರಕ್ಕೆ. ಅಪ್ಪ ಒಮ್ಮೆ ಕೈ ಎತ್ತಿದ್ದರು, ಅದನ್ನು ಅವರೇ ಹೇಳಿದರು. ಅಜ್ಜಿ ಇನ್ನೂ ಆಗಾಗ ಹತ್ತು ರೂಪಾಯಿ ಕೊಡುತ್ತಾರೆ, ಈಗ ಎಲ್ಲರ ಎದುರಿಗೇ. ಒಂಬತ್ತರ ಮೇಲೆ ಮೊಬೈಲ್ ಯಾಕೆ ಬೇಡ ಎಂಬ ಪ್ರಶ್ನೆಯನ್ನು ಹುಡುಗನಿಗೆ ಮತ್ತೆ ಕೇಳಲಾಯಿತು. "ಮುಂಜಾನಿ ಏಳಾಕ ಆಗಂಗಿಲ್ರಿ" ಅಂದ, ಸ್ವಲ್ಪ ತಡೆದು, "ಅಪ್ಪಗ ಸಿಟ್ಟೂ ಬರ್ತೈತ್ರಿ" ಎಂದು ಸೇರಿಸಿದ. ಮುಂದಿನ ಭೇಟಿ ವಾರ್ಷಿಕ ಪರೀಕ್ಷೆಯ ಮೊದಲು, ಅಪ್ಪ-ಮಗ ಇಬ್ಬರೇ.