ಆರ್‌ಪಿಡಿ ಕ್ರಾಸ್ ಮಾಡಿದ ತಪ್ಪೇನು?

ಬೆಳಗಾವಿಯ ಉದ್ಯಮಬಾಗಕ್ಕೆ ಹೋಗೋ ಸಿಟಿ ಬಸ್ಸಿನ ಒಂದು ತಿಂಗಳ ಟೈಮಿಂಗ್ ದಾಖಲೆ ಸಿಕ್ಕಿದೆ. ನಿಲ್ದಾಣವಾರು ಸರಾಸರಿ ತೆಗೆದರೆ ಆರ್‌ಪಿಡಿ ಕ್ರಾಸ್‌ನಲ್ಲೇ ಅತಿ ಹೆಚ್ಚು ತಡ. ಅಲ್ಲಿ ಏನಾದರೂ ಮಾಡಿ ಅಂತ ಮನವಿ ಕೊಡಬಹುದಾ? – ಟಿಳಕವಾಡಿಯ ಓದುಗರು

ಕೊಡಬೇಡಿ. ಮಾರ್ಗದ ಹೆಸರು ಬದಲಾದರೂ ಈ ತಪ್ಪು ಮಾತ್ರ ಬದಲಾಗುವುದಿಲ್ಲ, ಪತ್ರಗಳಲ್ಲಿ ಬರುತ್ತಲೇ ಇರುತ್ತದೆ. ದಾಖಲೆಯಲ್ಲಿರುವುದು ಬಸ್ಸು ಹೊರಟಲ್ಲಿಂದ ಹೊತ್ತು ತಂದ ಒಟ್ಟು ತಡ. ನಿಮಗೆ ಬೇಕಾದದ್ದು ಆ ನಿಲ್ದಾಣಕ್ಕೆ ಬರುವಷ್ಟರಲ್ಲಿ ಹೊಸದಾಗಿ ಸೇರಿದ ತಡ. ಅದಕ್ಕೆ ಪ್ರತಿ ನಿಲ್ದಾಣದ ತಡದಿಂದ ಹಿಂದಿನ ನಿಲ್ದಾಣದ ತಡವನ್ನು ಕಳೆಯಬೇಕು.

ಉದಾಹರಣೆಗೆ ಒಂದು ಟ್ರಿಪ್ ಹೀಗಿದೆ ಎಂದುಕೊಳ್ಳಿ. ಸಿಬಿಟಿ ಬಸ್ ನಿಲ್ದಾಣದಿಂದ ಹೊರಟದ್ದೇ 4 ನಿಮಿಷ ತಡ. ಚೆನ್ನಮ್ಮ ವೃತ್ತ ಬಿಡುವಾಗ 5, ಗೋಗಟೆ ವೃತ್ತದಲ್ಲಿ 9, ಆರ್‌ಪಿಡಿ ಕ್ರಾಸ್‌ನಲ್ಲಿ 10, ಉದ್ಯಮಬಾಗದಲ್ಲಿ 8. ಕಳೆದು ನೋಡಿ: 4, 1, 4, 1, –2. ನೀವು ದೂರಿದ ಆರ್‌ಪಿಡಿ ಕ್ರಾಸ್‌ನ ಪಾಲು ಒಂದೇ ನಿಮಿಷ. ಹೊಣೆ ಇರುವುದು ಸಿಬಿಟಿಯಲ್ಲಿ ಮತ್ತು ಚೆನ್ನಮ್ಮ ವೃತ್ತದಿಂದ ಗೋಗಟೆವರೆಗಿನ ರಸ್ತೆಯಲ್ಲಿ. ಕೊನೆಯ –2 ನೋಡಿ ಅಳಿಸಬೇಡಿ. ಆ ಕೊನೆಯ ತುಂಡಿಗೆ ವೇಳಾಪಟ್ಟಿಯಲ್ಲಿ ಹೆಚ್ಚುವರಿ ಸಮಯ ಇಟ್ಟಿದ್ದಾರೆ ಎಂಬುದರ ಗುರುತು ಅದು. ಕೊನೆಯ ನಿಲ್ದಾಣದ ಸಮಯ ಮಾತ್ರ ನೋಡಿ ‘ಬಸ್ ಸರಿಯಾಗಿದೆ’ ಎನ್ನುವವರು ಮೋಸ ಹೋಗುವುದು ಇಲ್ಲೇ.

ಶೀಟಿನಲ್ಲಿ A ಕಾಲಂಗೆ ದಿನಾಂಕ ಮತ್ತು ಟ್ರಿಪ್ ಸಂಖ್ಯೆ ಸೇರಿಸಿದ ಗುರುತು, B ಗೆ ನಿಲ್ದಾಣದ ಕ್ರಮ, C ಗೆ ಹೆಸರು, D ಗೆ ನಿಗದಿತ ಸಮಯ, E ಗೆ ನಿಜವಾಗಿ ಹೊರಟ ಸಮಯ ಹಾಕಿ. A, ಆಮೇಲೆ B ಪ್ರಕಾರ ವಿಂಗಡಿಸಿ. ವಿಂಗಡಿಸದೆ ಕಳೆದರೆ ಒಂದು ಟ್ರಿಪ್ಪಿನ ತಡ ಇನ್ನೊಂದರ ಲೆಕ್ಕಕ್ಕೆ ಬೀಳುತ್ತದೆ.

```
F2: =(E2-D2)*1440
G2: =IF(A2=A1,F2-F1,F2)
H2: =HOUR(E2)
```

F ಒಟ್ಟು ತಡ, G ಹೊಸದಾಗಿ ಸೇರಿದ ತಡ, ಎರಡೂ ನಿಮಿಷಗಳಲ್ಲಿ. H ಆ ನಿಲ್ದಾಣ ಬಿಟ್ಟ ಗಂಟೆ. ಗಂಟೆಯನ್ನು ಟ್ರಿಪ್ ಹೊರಟ ಸಮಯದಿಂದ ತೆಗೆಯಬೇಡಿ. 8.50ಕ್ಕೆ ಹೊರಟ ಬಸ್ಸು ಗೋಗಟೆಯಲ್ಲಿ ಸಿಕ್ಕಿಕೊಳ್ಳುವುದು 9ರ ದಟ್ಟಣೆಗೆ.

ಈಗ ನಿಲ್ದಾಣ ಮತ್ತು ಗಂಟೆಗೆ ಒಂದೊಂದು ಗುಂಪು ಮಾಡಿ G ಯ ಮಧ್ಯಾಂಕ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ತೆಗೆಯಿರಿ. ಸರಾಸರಿ ಬೇಡ, ಒಂದು ದಿನ ಬಸ್ಸು ಕೆಟ್ಟು 40 ನಿಮಿಷ ನಿಂತರೆ ಇಡೀ ತಿಂಗಳ ಸರಾಸರಿ ಕೆಡುತ್ತದೆ. ಆ ಮಧ್ಯಾಂಕವನ್ನು ಆ ಗಂಟೆಯಲ್ಲಿ ದಾಖಲಾದ ಟ್ರಿಪ್‌ಗಳ ಸಂಖ್ಯೆಯಿಂದ ಗುಣಿಸಿ. 9 ನಿಮಿಷ ತಿನ್ನುವ ಜಾಗದಲ್ಲಿ 3 ಟ್ರಿಪ್ ಇದ್ದರೆ 27. 4 ನಿಮಿಷದ್ದರಲ್ಲಿ 40 ಟ್ರಿಪ್ ಇದ್ದರೆ 160. ಮನವಿ ಎರಡನೆಯದಕ್ಕೆ ಬರೆಯಿರಿ.

ಬರೆಯುವ ಮೊದಲು ಇನ್ನೊಂದು ಕೆಲಸ. ಬಂದ ಸಮಯವೂ ದಾಖಲೆಯಲ್ಲಿದ್ದರೆ ಗೋಗಟೆಯ ಆ 4 ನಿಮಿಷವನ್ನು ಒಡೆಯಿರಿ. ಗೋಗಟೆಗೆ ಬಂದಾಗಲೇ 8 ನಿಮಿಷ ತಡ, ಬಿಟ್ಟಾಗ 9 ಎಂದಾದರೆ 3 ನಿಮಿಷ ರಸ್ತೆಯದು, 1 ಮಾತ್ರ ನಿಲುಗಡೆಯದು. ಆಗ ನಿಲ್ದಾಣದ ಮೇಲೆ ದುಡ್ಡು ಸುರಿದು ಪ್ರಯೋಜನವಿಲ್ಲ. ಜಿಪಿಎಸ್ ದಾಖಲೆಯಾದರೆ ಎಚ್ಚರ: ನಿಲ್ದಾಣದ ಸುತ್ತ ಗುರುತಿಸಿದ ವೃತ್ತದೊಳಗೇ ಸಿಗ್ನಲ್ ಇದ್ದರೆ, ಕೆಂಪು ದೀಪಕ್ಕೆ ಕಾದದ್ದೂ ನಿಲುಗಡೆ ಎಂದೇ ದಾಖಲಾಗುತ್ತದೆ. ಸಿಬಿಟಿಯ 4 ನಿಮಿಷಕ್ಕೆ ಅದೇ ವಾಹನದ ಹಿಂದಿನ ಟ್ರಿಪ್ ನೋಡಿ. ಅದು ತಡವಾಗಿ ಬಂದು ವಿರಾಮದ ಹೊತ್ತನ್ನು ನುಂಗಿದ್ದರೆ ತಪ್ಪು ಹಿಂದಿನ ಮಾರ್ಗದ್ದು. ಸರಿಯಾಗಿ ಬಂದೂ ತಡವಾಗಿ ಹೊರಟಿದ್ದರೆ ಸಿಬಿಟಿಯಲ್ಲೇ ಕೇಳಬೇಕು.

ವೇಳಾಪಟ್ಟಿಯಲ್ಲಿ ನಾಲ್ಕೇ ನಿಲ್ದಾಣಕ್ಕೆ ಸಮಯ ಇದೆ. ಉಳಿದವಕ್ಕೆ ದೂರದ ಪ್ರಕಾರ ಸಮಯ ಹಂಚಲಾ?

ಹಂಚಬೇಡಿ. ನೀವೇ ಊಹಿಸಿದ ಸಮಯಕ್ಕೆ ಹೋಲಿಸಿ ಸಿಗುವ ‘ತಡ’ವೂ ಊಹೆಯೇ. ಆ ನಾಲ್ಕರ ನಡುವಿನ ತುಂಡುಗಳನ್ನೇ ಅಳೆಯಿರಿ.

ಕೈಬರಹದ ಲಾಗ್‌ಶೀಟ್ ನಂಬಬಹುದೇ?

ನಿಮಿಷದ ಕೊನೆಯ ಅಂಕಿ ಎಣಿಸಿ. 0 ಮತ್ತು 5 ಸೇರಿ ಸುಮಾರು ಐದನೇ ಒಂದು ಭಾಗ ಇರಬೇಕು. ಅರ್ಧಕ್ಕೂ ಹೆಚ್ಚಿದ್ದರೆ ಅಂದಾಜಿನ ಮೇಲೆ ಬರೆದದ್ದು. ಅದರಿಂದ 2 ನಿಮಿಷದ ವ್ಯತ್ಯಾಸ ಹುಡುಕಲು ಹೋಗಬೇಡಿ.

ಬಣ್ಣದ ನಕ್ಷೆ ಮಾಡಿಕೊಡುತ್ತೇವೆಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದೇ?

ನಕ್ಷೆಯ ಕೆಂಪು ಬಣ್ಣ F ನದೋ G ನದೋ ಕೇಳಿ. ಉತ್ತರಕ್ಕೆ ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ.

ಎಲ್ಲಕ್ಕೂ ಚಾಲಕರ ನಿಧಾನವೇ ಕಾರಣ ಅಲ್ಲವೇ?

ಅದೇ ತುಂಡಿನಲ್ಲಿ, ಅದೇ ಗಂಟೆಯಲ್ಲಿ ಎಲ್ಲ ಚಾಲಕರಿಗೂ 4 ನಿಮಿಷ ಹೋಗುತ್ತಿದ್ದರೆ, ಅಲ್ಲ.