ಎತ್ತರದ ಅಳತೆ ಪ್ರತಿ ವರ್ಷ ಯಾಕೆ?

"ನನ್ನ ಮಗಳು ಎತ್ತರವಾಗೇ ಇದ್ದಾಳೆ. ಆದರೂ ಶಾಲೆಯ ತಪಾಸಣೆಯಲ್ಲಿ ಪ್ರತಿ ವರ್ಷ ಅಳೆಯೋದು ಯಾಕೆ ಮೇಡಂ?"

ನಮಸ್ಕಾರ. ಒಂದೇ ಸಲದ ಅಳತೆ ಹೆಚ್ಚೇನೂ ಹೇಳುವುದಿಲ್ಲ. ನಮಗೆ ಬೇಕಿರುವುದು ವರ್ಷದಲ್ಲಿ ಎಷ್ಟು ಬೆಳೆದಳು ಎಂಬ ಲೆಕ್ಕ. ಐದು ವರ್ಷ ತುಂಬಿದ ಮೇಲೆ, ಮೈನೆರೆಯುವ ಹೊತ್ತಿನವರೆಗೆ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಕಳೆದ ಜೂನ್‌ನಲ್ಲಿ 130 ಇದ್ದ ಎಂಟು ವರ್ಷದ ಹುಡುಗಿ ಈ ಜೂನ್‌ಗೆ 133 ಅಷ್ಟೇ ಆಗಿದ್ದರೆ, ತರಗತಿಗೆಲ್ಲ ಉದ್ದವಿದ್ದರೂ ಅವಳನ್ನು ಇನ್ನೊಮ್ಮೆ ಅಳೆಯುತ್ತೇವೆ. ಎಷ್ಟೋ ಸಲ ತಪ್ಪು ಅಳತೆಯದೇ: ನೆತ್ತಿಯ ಜುಟ್ಟು, ಗೋಡೆಗೆ ತಾಗದ ಹಿಮ್ಮಡಿ, ಬೆಳಗ್ಗೆಗಿಂತ ಸಂಜೆ ಸುಮಾರು 1 ಸೆಂ.ಮೀ. ಕುಗ್ಗುವ ಬೆನ್ನು. ಮರು ಅಳತೆಯಲ್ಲೂ ವರ್ಷದ ಬೆಳವಣಿಗೆ 4 ಸೆಂ.ಮೀ. ದಾಟದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ಚೀಟಿ ಕೊಡುತ್ತೇವೆ. ಥೈರಾಯ್ಡ್ ಕೊರತೆಯಲ್ಲಿ ಬೇರೆ ಲಕ್ಷಣಕ್ಕಿಂತ ಮೊದಲು ಇದೇ ಕಾಣಿಸಬಹುದು. ತಪಾಸಣೆಯ ದಿನ ತಲೆಯ ಮೇಲೆ ಜುಟ್ಟು ಕಟ್ಟದೆ, ಕೆಳಗೆ ಎರಡು ಜಡೆ ಹಾಕಿ ಕಳಿಸಿ.